ಹೊರಗೆ ಶೇ. 80 ತೇವಾಂಶ, ಆದರೂ ಮೈ ಒಡೆಯುವುದೇಕೆ?

ಪ್ರಶ್ನೆ: ಹುಟ್ಟಿ ಬೆಳೆದದ್ದೆಲ್ಲ ಸಮುದ್ರದ ಪಕ್ಕದ ನಗರದಲ್ಲಿ. ಕೆಲಸ ಸಿಕ್ಕಿ ಉತ್ತರಕ್ಕೆ ಬಂದಿದ್ದೇನೆ, ಇದು ನನ್ನ ಮೊದಲ ಚಳಿಗಾಲ. ಜಾಕೆಟ್ಟು, ಹೀಟರು ಎಲ್ಲ ಇದೆ, ಚಳಿ ಹೇಗೋ ತಡೆಯುತ್ತೇನೆ. ಆದರೆ ರಾತ್ರಿ ಮಲಗಿದ ಮೇಲೆ ಕಾಲು ವಿಪರೀತ ತುರಿಸುತ್ತದೆ, ಬೆಳಿಗ್ಗೆ ಮೂಗಿನಲ್ಲಿ ರಕ್ತದ ಹೆಪ್ಪು ಇರುತ್ತದೆ. ದಿನಾ ಎರಡು ಸಲ ಚೆನ್ನಾಗಿ ಬಿಸಿ ನೀರಿನ ಸ್ನಾನ, ಮೇಲೆ ಲೋಷನ್, ಕುಡಿಯಲು ನಾಲ್ಕು ಲೀಟರ್ ನೀರು. ಆದರೂ ಪ್ರಯೋಜನವಿಲ್ಲ. ಫೋನ್‌ನಲ್ಲಿ ನೋಡಿದರೆ ಹೊರಗಿನ ತೇವಾಂಶ ಶೇ. 80 ಎಂದು ತೋರಿಸುತ್ತದೆ. ಹಾಗಿದ್ದ ಮೇಲೆ ಗಾಳಿ ಒಣಗಿದೆ ಅನ್ನುವುದು ಹೇಗೆ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಅದಕ್ಕೆ ಉತ್ತರ ಸಿಕ್ಕರೆ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಫೋನ್ ತೋರಿಸುವ ಶೇ. 80 ಸುಳ್ಳಲ್ಲ. ಆದರೆ ಗಾಳಿಯಲ್ಲಿ ಎಷ್ಟು ನೀರಿದೆ ಎಂಬುದನ್ನು ಅದು ಹೇಳುವುದಿಲ್ಲ. ಆ ಹೊತ್ತಿನ ತಾಪಮಾನದಲ್ಲಿ ಗಾಳಿ ಎಷ್ಟು ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದೋ ಅದರಲ್ಲಿ ಎಷ್ಟು ಪಾಲು ತುಂಬಿದೆ ಎಂಬುದನ್ನಷ್ಟೇ ಹೇಳುತ್ತದೆ. ತಣ್ಣನೆಯ ಗಾಳಿಗೆ ಹಿಡಿಯುವ ಶಕ್ತಿಯೇ ಕಡಿಮೆ. ನಿಮ್ಮ ಹಳೆಯ ಊರಿನಲ್ಲಿ 30 ಡಿಗ್ರಿ ಸೆಕೆ, ಶೇ. 75 ತೇವಾಂಶ ಇದ್ದ ದಿನ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 23 ಗ್ರಾಂ ನೀರು ಇರುತ್ತಿತ್ತು. ಈಗ ನೀವಿರುವಲ್ಲಿ ಬೆಳಿಗ್ಗೆ 5 ಡಿಗ್ರಿ, ಶೇ. 80 ತೇವಾಂಶ ಎಂದಿಟ್ಟುಕೊಳ್ಳಿ. ಆ ಗಾಳಿಯಲ್ಲಿರುವುದು ಸುಮಾರು ಐದೂವರೆ ಗ್ರಾಂ, ಅಂದರೆ ನಾಲ್ಕನೇ ಒಂದು ಭಾಗ.

ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ಅದೇ ಗಾಳಿ ಕಿಟಕಿಯ ಸಂದಿಯಿಂದ, ಬಾಗಿಲ ಕೆಳಗಿನಿಂದ ನಿಮ್ಮ ಕೋಣೆಗೆ ಬರುತ್ತದೆ. ಹೀಟರ್ ಅದನ್ನು 24 ಡಿಗ್ರಿಗೆ ಬಿಸಿ ಮಾಡುತ್ತದೆ. ನೀರು ಇದ್ದಷ್ಟೇ ಇದೆ, ಹಿಡಿಯುವ ಶಕ್ತಿ ಮಾತ್ರ ಮೂರು ಪಟ್ಟಿಗೂ ಹೆಚ್ಚಾಯಿತು. ಈಗ ತೇವಾಂಶ ಲೆಕ್ಕ ಹಾಕಿದರೆ ಶೇ. 23 ಅಥವಾ 24. ಹೊರಗೆ ಮಂಜು ಮುಸುಕಿದ್ದರೂ ಒಳಗೆ ನೀವು ಮಲಗುವ ಗಾಳಿ ಮರುಭೂಮಿಯದು. ಅದು ತನ್ನ ಕೊರತೆಯನ್ನು ಒದ್ದೆಯಿರುವ ಕಡೆಯಿಂದೆಲ್ಲ ತುಂಬಿಕೊಳ್ಳುತ್ತದೆ: ನಿಮ್ಮ ಚರ್ಮ, ಮೂಗಿನ ಒಳಪದರ, ಕಣ್ಣು, ತುಟಿ. ಸ್ವೆಟರ್ ತೆಗೆಯುವಾಗ ಚಟಪಟ ಸದ್ದು, ಬಾಗಿಲ ಹಿಡಿ ಮುಟ್ಟಿದರೆ ಚುರುಕ್ಕೆನ್ನುವುದು, ಇದೂ ಅದೇ ಒಣಗಾಳಿಯ ಗುರುತು.

ಹಾಗಾಗಿ ಫೋನ್‌ನಲ್ಲಿ ತೇವಾಂಶದ ಶೇಕಡಾವಾರು ನೋಡುವುದನ್ನು ಬಿಟ್ಟು ಡ್ಯೂ ಪಾಯಿಂಟ್ ನೋಡುವ ಅಭ್ಯಾಸ ಮಾಡಿಕೊಳ್ಳಿ. ಗಾಳಿಯನ್ನು ಎಷ್ಟು ಡಿಗ್ರಿಗೆ ತಣಿಸಿದರೆ ಅದರಲ್ಲಿನ ನೀರು ಹನಿಗಟ್ಟಲು ಶುರುವಾಗುತ್ತದೋ ಆ ಅಂಕಿ ಅದು. ಗಾಳಿಯಲ್ಲಿರುವ ನಿಜವಾದ ನೀರನ್ನು ಅದು ಹೇಳುತ್ತದೆ. ನಾನು ಮೇಲೆ ಹೇಳಿದ ಕರಾವಳಿಯ ದಿನಕ್ಕೆ ಅದು 25ರ ಸುಮಾರು, ಉತ್ತರದ ಆ ಬೆಳಗಿಗೆ 2ರ ಸುಮಾರು. ಡ್ಯೂ ಪಾಯಿಂಟ್ 5ಕ್ಕಿಂತ ಕೆಳಗಿಳಿದ ವಾರಗಳಲ್ಲಿ ಕೆಳಗೆ ಹೇಳುವುದನ್ನೆಲ್ಲ ತಪ್ಪದೆ ಮಾಡಬೇಕು ಎಂಬುದು ನನ್ನ ಸಲಹೆ.

ನಿಮ್ಮ ವಿವರಣೆಯಲ್ಲಿ ನಾನು ಮೊದಲು ಬದಲಾಯಿಸುವುದು ಹೀಟರ್‌ನ ತಾಪಮಾನ. ಕೋಣೆಗೆ ನೀರು ಸೇರಿಸುವುದು, ಹ್ಯುಮಿಡಿಫೈಯರ್ ಕೊಳ್ಳುವುದು ಎಲ್ಲ ಆಮೇಲೆ. ಏಕೆಂದು ಲೆಕ್ಕ ಮಾಡಿಯೇ ತೋರಿಸುತ್ತೇನೆ. ನಾಲ್ಕು ಮೀಟರ್ ಉದ್ದ, ಮೂರು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಕೋಣೆ ಎಂದಿಟ್ಟುಕೊಳ್ಳಿ. 36 ಘನ ಮೀಟರ್ ಗಾಳಿ. ಕಿಟಕಿ ಅಷ್ಟೇನೂ ಬಿಗಿಯಾಗಿಲ್ಲ, ಗಂಟೆಗೊಮ್ಮೆ ಒಳಗಿನ ಗಾಳಿಯೆಲ್ಲ ಬದಲಾಗುತ್ತದೆ. ನಮಗೆ ಶೇ. 40 ತೇವಾಂಶ ಬೇಕು. ಕೋಣೆ 24 ಡಿಗ್ರಿಯಲ್ಲಿದ್ದರೆ ಅಷ್ಟನ್ನು ಕಾಯ್ದುಕೊಳ್ಳಲು ಗಂಟೆಗೆ ಸುಮಾರು 130 ಗ್ರಾಂ ನೀರು ಗಾಳಿಗೆ ಸೇರುತ್ತಲೇ ಇರಬೇಕು. 19 ಡಿಗ್ರಿಯಲ್ಲಿದ್ದರೆ ಸುಮಾರು 50 ಗ್ರಾಂ ಸಾಕು. ಮಲಗಿರುವ ಒಬ್ಬ ವ್ಯಕ್ತಿಯ ಉಸಿರು ಮತ್ತು ಮೈಯಿಂದಲೇ ಗಂಟೆಗೆ ಹತ್ತಿರ ಹತ್ತಿರ 40 ಗ್ರಾಂ ನೀರಾವಿ ಹೊರಬೀಳುತ್ತದೆ. ಅದನ್ನು ಕಳೆದರೆ, ಎಂಟು ಗಂಟೆಯ ನಿದ್ದೆಗೆ 24 ಡಿಗ್ರಿಯ ಕೋಣೆಗೆ ನೀವು ಹೊರಗಿನಿಂದ ಮುಕ್ಕಾಲು ಲೀಟರ್ ನೀರು ಸೇರಿಸಬೇಕು, 19 ಡಿಗ್ರಿಯ ಕೋಣೆಗೆ ಒಂದು ಸಣ್ಣ ಲೋಟದಷ್ಟು. ಐದು ಡಿಗ್ರಿ ಇಳಿಸಿದ್ದಕ್ಕೆ ಇಷ್ಟು ವ್ಯತ್ಯಾಸ.

19 ಡಿಗ್ರಿ ಅಂದರೆ ಕರಾವಳಿಯಿಂದ ಬಂದವರಿಗೆ ಚಳಿ ಎನಿಸುತ್ತದೆ, ಒಪ್ಪುತ್ತೇನೆ. ಆ ಚಳಿಯನ್ನು ಬಟ್ಟೆಯಿಂದ ತಡೆಯಿರಿ, ಬಿಸಿಗಾಳಿಯಿಂದ ಬೇಡ. ಮೈಗೆ ತಗಲುವ ಹಾಗೆ ಮೆತ್ತನೆಯ ಹತ್ತಿಯ ತುಂಬುತೋಳಿನ ಬನಿಯನ್ ಮತ್ತು ಪೈಜಾಮ, ಅದರ ಮೇಲೆ ಉಣ್ಣೆ ಅಥವಾ ಫ್ಲೀಸ್, ಕಾಲಿಗೆ ಸಾಕ್ಸ್, ಹೊದೆಯಲು ದಪ್ಪ ರಜಾಯಿ. ಉಣ್ಣೆಯನ್ನು ನೇರವಾಗಿ ಒಣಚರ್ಮದ ಮೇಲೆ ಹಾಕಬೇಡಿ, ಅದರ ಎಳೆ ಚುಚ್ಚಿ ತುರಿಕೆ ಇನ್ನೂ ಹೆಚ್ಚುತ್ತದೆ. ಚಳಿಗೆ ದೇಹವೂ ಕೆಲವು ವಾರಗಳಲ್ಲಿ ಒಂದಿಷ್ಟು ಒಗ್ಗಿಕೊಳ್ಳುತ್ತದೆ, ಮೊದಲಿನಷ್ಟು ನಡುಕ ಬರುವುದಿಲ್ಲ. ಆದರೆ ದಿನವಿಡೀ 24 ಡಿಗ್ರಿಯಲ್ಲೇ ಕುಳಿತರೆ ಒಗ್ಗಿಕೊಳ್ಳುವ ಅವಕಾಶವೇ ದೇಹಕ್ಕೆ ಸಿಗುವುದಿಲ್ಲ. ಕೋಣೆಯನ್ನು 18ಕ್ಕಿಂತ ಕೆಳಗೆ ಮಾತ್ರ ಇಳಿಸಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2018ರ ವಸತಿ ಮಾರ್ಗಸೂಚಿಯಲ್ಲಿ ಚಳಿಗಾಲದ ಒಳಾಂಗಣಕ್ಕೆ ಹೇಳಿರುವ ಕನಿಷ್ಠ ಅಂಕಿ ಅದೇ. ಮನೆಯಲ್ಲಿ ವಯಸ್ಸಾದವರು, ಹಸುಗೂಸು ಇದ್ದರೆ ಅದಕ್ಕಿಂತ ಇನ್ನೂ ಬೆಚ್ಚಗಿರಬೇಕು.

ಎಣ್ಣೆ ತುಂಬಿದ ಹೀಟರ್ ಗಾಳಿಯನ್ನು ಒಣಗಿಸುವುದಿಲ್ಲ, ಕೆಂಪಗೆ ಕಾಯುವ ಕಂಬಿಯ ಹೀಟರ್ ತೇವವನ್ನು ಸುಡುತ್ತದೆ ಎಂದು ಯಾರಾದರೂ ಹೇಳಿರಬಹುದು. ವಿದ್ಯುತ್ ಹೀಟರ್ ಯಾವುದೇ ಇರಲಿ, ಕೋಣೆಯನ್ನು ಒಂದೇ ತಾಪಮಾನಕ್ಕೆ ತಂದರೆ ತೇವಾಂಶ ಒಂದೇ ಆಗಿರುತ್ತದೆ. ವ್ಯತ್ಯಾಸ ಇರುವುದು ಗಾಳಿ ಊದುವ ಹೀಟರ್‌ನಲ್ಲಿ. ಅದರ ಬಿಸಿಗಾಳಿ ನೇರವಾಗಿ ಮೈಗೆ, ಮುಖಕ್ಕೆ ಬಡಿದರೆ ಚರ್ಮದ ನೀರು ಬೇಗ ಆರುತ್ತದೆ. ಅದನ್ನು ಗೋಡೆಯ ಕಡೆ ತಿರುಗಿಸಿ, ಮಂಚದ ಕಡೆ ಬೇಡ. ಹಾಗೆಯೇ ಕೆಂಡದ ಒಲೆ, ಅಥವಾ ಹೊಗೆ ಹೊರಹೋಗಲು ಕೊಳವೆಯಿಲ್ಲದ ಗ್ಯಾಸ್ ಹೀಟರನ್ನು ಮುಚ್ಚಿದ ಕೋಣೆಯಲ್ಲಿ ಇಟ್ಟು ಮಲಗುವುದು ಯಾವ ಕಾರಣಕ್ಕೂ ಬೇಡ. ಅದರಿಂದ ಹುಟ್ಟುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ, ಮಂಪರು ಬಂದು ಎದ್ದು ಬಾಗಿಲು ತೆಗೆಯುವ ಶಕ್ತಿಯೇ ಉಳಿಯುವುದಿಲ್ಲ. ಪ್ರತಿ ಚಳಿಗಾಲವೂ ಜನ ಹೀಗೆ ನಿದ್ದೆಯಲ್ಲೇ ಪ್ರಾಣ ಕಳೆದುಕೊಳ್ಳುತ್ತಾರೆ.

ಈಗ ಗಾಳಿಗೆ ನೀರು ಸೇರಿಸುವ ವಿಚಾರ. ಹೀಟರ್ ಪಕ್ಕದಲ್ಲಿ ಒಂದು ಬಟ್ಟಲು ನೀರಿಡುವುದನ್ನು ಬಹಳ ಜನ ಮಾಡುತ್ತಾರೆ. ಅದರಿಂದ ಹೇಳಿಕೊಳ್ಳುವಂಥ ಲಾಭವಿಲ್ಲ. ಆವಿಯಾಗುವುದು ನೀರಿನ ಮೇಲ್ಮೈಯಿಂದ ಮಾತ್ರ, ಬಟ್ಟಲಿನ ಬಾಯಿ ಎಷ್ಟು ಅಗಲವಿದ್ದೀತು? ಗಂಟೆಗೆ ಕೆಲವೇ ಗ್ರಾಂ ಆರುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ನೀರಿನ ಮಟ್ಟ ಇಳಿದದ್ದೇ ಗೊತ್ತಾಗುವುದಿಲ್ಲ. ಅದರ ಬದಲು ಸ್ನಾನದ ದೊಡ್ಡ ಟವೆಲನ್ನು ನೀರಲ್ಲಿ ಅದ್ದಿ, ತೊಟ್ಟಿಕ್ಕದ ಹಾಗೆ ಹಿಂಡಿ, ಕುರ್ಚಿಯ ಬೆನ್ನಿನ ಮೇಲೋ ಬಟ್ಟೆ ಒಣಗಿಸುವ ಸ್ಟ್ಯಾಂಡ್ ಮೇಲೋ ಪೂರ್ತಿ ಬಿಡಿಸಿ ಹರವಿ. ಅದರಲ್ಲಿ ಅರ್ಧ ಲೀಟರಿನ ಆಸುಪಾಸು ನೀರು ಉಳಿದಿರುತ್ತದೆ, ಎರಡೂ ಬದಿಯಿಂದ ಆರುತ್ತದೆ. ಬೆಳಿಗ್ಗೆ ಟವೆಲ್ ಗರಿಗರಿಯಾಗಿ ಒಣಗಿದ್ದರೆ ಆ ನೀರೆಲ್ಲ ನಿಮ್ಮ ಕೋಣೆಯ ಗಾಳಿಗೆ ಹೋಯಿತು ಎಂದರ್ಥ. ಒಗೆದ ಬಟ್ಟೆಯನ್ನು ಮಲಗುವ ಕೋಣೆಯಲ್ಲೇ ಹರವಿದರೂ ಅದೇ ಫಲ. ಹೀಟರ್ ಮೇಲೆ ಅಥವಾ ಅದಕ್ಕೆ ತಾಗುವ ಹಾಗೆ ಮಾತ್ರ ಎಂದಿಗೂ ಹಾಕಬೇಡಿ, ಬೆಂಕಿ ಹತ್ತುವುದು ಹಾಗೆಯೇ.

ಹ್ಯುಮಿಡಿಫೈಯರ್ ಕೊಳ್ಳುವುದೇ ಆದರೆ ಎರಡು ಮಾತು. ನೀರನ್ನು ಸಣ್ಣ ಮಂಜಾಗಿ ಚಿಮ್ಮಿಸುವ ಅಲ್ಟ್ರಾಸೋನಿಕ್ ಯಂತ್ರ ನೀರಿನಲ್ಲಿರುವ ಲವಣವನ್ನೂ ಗಾಳಿಗೆ ಚಿಮ್ಮಿಸುತ್ತದೆ. ಗಡಸು ನೀರು ಹಾಕಿದರೆ ಮೇಜಿನ ಮೇಲೆ, ಲ್ಯಾಪ್‌ಟಾಪ್ ಮೇಲೆ ಬಿಳಿ ಪುಡಿ ಕೂರುತ್ತದೆ, ಅದೇ ಪುಡಿ ನಿಮ್ಮ ಶ್ವಾಸಕೋಶಕ್ಕೂ ಹೋಗುತ್ತದೆ. ಕುದಿಸಿದರೆ ಲವಣ ಪೂರ್ತಿ ಹೋಗುವುದಿಲ್ಲ, ಆರ್‌ಓ ನೀರು ಅಥವಾ ಡಿಸ್ಟಿಲ್ಡ್ ನೀರು ಹಾಕಿ. ಎರಡನೆಯದು, ತೊಟ್ಟಿಯ ನೀರನ್ನು ದಿನಾ ಚೆಲ್ಲಿ ಹೊಸದು ತುಂಬಬೇಕು, ಎರಡು ಮೂರು ದಿನಕ್ಕೊಮ್ಮೆ ಒಳಗೆ ಉಜ್ಜಿ ತೊಳೆದು ಒಣಗಿಸಬೇಕು. ತೊಟ್ಟಿಯ ಗೋಡೆ ಬೆರಳಿಗೆ ಲೋಳೆ ಲೋಳೆಯಾಗಿ ತಾಕಿದರೆ ಆ ರಾತ್ರಿ ಯಂತ್ರ ಹಚ್ಚಬೇಡಿ. ಇಷ್ಟು ಶ್ರದ್ಧೆ ಆಗದು ಎನ್ನುವವರಿಗೆ ಟವೆಲೇ ಒಳ್ಳೆಯದು.

ಯಾವುದನ್ನು ಮಾಡಿದರೂ ತೇವಾಂಶ ಅಳೆಯುವ ಒಂದು ಸಣ್ಣ ಡಿಜಿಟಲ್ ಹೈಗ್ರೋಮೀಟರ್ ಇರಲಿ. ಅದನ್ನು ಹೀಟರ್‌ನಿಂದಲೂ ಕಿಟಕಿಯಿಂದಲೂ ದೂರ, ತಲೆದಿಂಬಿನ ಎತ್ತರದಲ್ಲಿ ಇಡಿ. ಅಗ್ಗದವು ಕೆಲವೊಮ್ಮೆ ಐದು ಹತ್ತು ಅಂಕಿ ತಪ್ಪು ತೋರಿಸುತ್ತವೆ. ಪರೀಕ್ಷಿಸಲು ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಒದ್ದೆ ಮರಳಿನ ಹದಕ್ಕೆ ಬರುವಷ್ಟು ನೀರು ತೊಟ್ಟಿಕ್ಕಿಸಿ, ಮೀಟರ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಎಂಟು ಗಂಟೆ ಮುಚ್ಚಿಡಿ. ಆಗ ಅದು 75 ತೋರಿಸಬೇಕು. 70 ತೋರಿಸಿದರೆ ಐದು ಕಡಿಮೆ ಓದುತ್ತಿದೆ ಎಂದು ನೆನಪಿಟ್ಟುಕೊಂಡರಾಯಿತು. ಕೋಣೆಯಲ್ಲಿ 35ರಿಂದ 45ರವರೆಗೆ ಇದ್ದರೆ ಸಾಕು. ಊರಿನ ಹಾಗೆ 70 ಮಾಡಲು ಹೋಗಬೇಡಿ. ಬೆಳಿಗ್ಗೆ ಕಿಟಕಿಯ ಗಾಜಿನ ಮೇಲೆ ನೀರು ಇಳಿಯುತ್ತಿದ್ದರೆ, ಬೀರುವಿನ ಹಿಂದಿನ ಗೋಡೆ ಒದ್ದೆಯಾಗಿದ್ದರೆ ಅತಿಯಾಯಿತು ಎಂದು ತಿಳಿಯಿರಿ. ತಣ್ಣಗಿನ ಗೋಡೆಗೆ ತೇವ ಕೂತಲ್ಲಿ ಬೂಷ್ಟು ಹಿಡಿಯುತ್ತದೆ.

ಇನ್ನು ಸ್ನಾನ. ನಿಮ್ಮ ತುರಿಕೆಗೆ ಒಣಗಾಳಿ ಅರ್ಧ ಕಾರಣವಾದರೆ, ಉಳಿದರ್ಧ ಆ ಎರಡು ಬಿಸಿ ಸ್ನಾನ. ಚರ್ಮದ ಅತ್ಯಂತ ಮೇಲಿನ ಪದರದಲ್ಲಿರುವುದು ಸತ್ತ ಜೀವಕೋಶಗಳು, ಅವುಗಳ ನಡುವೆ ಸೆರಮೈಡ್, ಕೊಲೆಸ್ಟರಾಲ್ ಮುಂತಾದ ಜಿಡ್ಡಿನ ತೆಳುವಾದ ಪೊರೆ. ಒಳಗಿನ ನೀರು ಹೊರಗೆ ಹೋಗದ ಹಾಗೆ ತಡೆದಿರುವುದು ಆ ಜಿಡ್ಡು. ಬಿಸಿನೀರು ಅದನ್ನು ಸಡಿಲಿಸುತ್ತದೆ, ಸಾಬೂನು ತೊಳೆದುಕೊಂಡು ಹೋಗುತ್ತದೆ. ಅದರ ಮೇಲೆ, ಆರೋಗ್ಯವಾಗಿರುವ ಚರ್ಮ ಸ್ವಲ್ಪ ಆಮ್ಲೀಯ, ಪಿಎಚ್ 5ರ ಸುಮಾರು. ಸಾಮಾನ್ಯ ಸಾಬೂನು 9ರಿಂದ 10. ಕಳೆದುಹೋದ ಜಿಡ್ಡನ್ನು ಚರ್ಮ ಮತ್ತೆ ಕಟ್ಟಿಕೊಳ್ಳುವ ಕೆಲಸವೂ ಇದರಿಂದ ನಿಧಾನವಾಗುತ್ತದೆ. ಕರಾವಳಿಯಲ್ಲಿ ಇದೇ ಸ್ನಾನ ಮಾಡುತ್ತಿದ್ದಿರಿ, ಏನೂ ಆಗುತ್ತಿರಲಿಲ್ಲ. ಏಕೆಂದರೆ ಅಲ್ಲಿ ಬೆವರಿತ್ತು, ಗಾಳಿ ಚರ್ಮದಿಂದ ನೀರು ಸೆಳೆಯುತ್ತಿರಲಿಲ್ಲ, ತಪ್ಪಿಗೆ ಮಾಫಿಯಿತ್ತು.

ಕಾಲೇ ಮೊದಲು ತುರಿಸುವುದಕ್ಕೂ ಕಾರಣವಿದೆ. ಮೊಣಕಾಲಿನ ಕೆಳಗೆ, ಮೂಳೆಯ ಮೇಲಿನ ಚರ್ಮದಲ್ಲಿ ಎಣ್ಣೆಯ ಗ್ರಂಥಿಗಳು ಬಹಳ ಕಡಿಮೆ. ಬೆಳಕಿನಲ್ಲಿ ಕುಳಿತು ಅಲ್ಲಿ ಉಗುರಿನಿಂದ ಮೆಲ್ಲಗೆ ಒಂದು ಗೆರೆ ಎಳೆಯಿರಿ. ಬಿಳಿಯ ಗೆರೆ ಹಾಗೇ ಉಳಿದು ಸಣ್ಣ ಹೊಟ್ಟು ಉದುರಿದರೆ ಅದು ಒಣಗಿದ ಚರ್ಮ. ಸಾಕ್ಸ್ ಕಳಚಿದಾಗ ಒಳಗಡೆ ಬಿಳಿ ಪುಡಿ ಕಾಣುವುದೂ ಅದೇ. ಈ ಹಂತದಲ್ಲೇ ಸರಿಪಡಿಸದಿದ್ದರೆ ಮುಂದೆ ಬತ್ತಿದ ಕೆರೆಯ ತಳದ ಹಾಗೆ ಸೀಳು ಸೀಳಾಗುತ್ತದೆ, ಸೀಳಿನ ಅಂಚು ಕೆಂಪಾಗುತ್ತದೆ, ನೀರು ಸೋಕಿದರೆ ಉರಿಯುತ್ತದೆ. ಅದಕ್ಕೆ ವೈದ್ಯಭಾಷೆಯಲ್ಲಿ ಆಸ್ಟಿಯಟೋಟಿಕ್ ಎಕ್ಜಿಮಾ ಎನ್ನುತ್ತೇವೆ. ರಾತ್ರಿ ಹೆಚ್ಚಾಗುವುದು ಸಹಜ. ರಜಾಯಿಯೊಳಗೆ ಮೈ ಬೆಚ್ಚಗಾದಷ್ಟೂ ತುರಿಕೆ ಏರುತ್ತದೆ, ಗಮನ ಬೇರೆಡೆ ಸೆಳೆಯಲು ಕೆಲಸವೂ ಇರುವುದಿಲ್ಲ.

ಆದ್ದರಿಂದ ಸ್ನಾನ ದಿನಕ್ಕೆ ಒಂದೇ ಸಲ, ಐದರಿಂದ ಹತ್ತು ನಿಮಿಷ, ಉಗುರುಬೆಚ್ಚಗಿನ ನೀರು. ಮುಂಗೈಯ ಒಳಭಾಗಕ್ಕೆ ಸುರಿದುಕೊಂಡರೆ ಬಿಸಿ ಎನಿಸಬಾರದು. ಸ್ನಾನ ಮುಗಿದಾಗ ಮೈ ಕೆಂಪಾಗಿದ್ದರೆ ನೀರು ಹೆಚ್ಚು ಬಿಸಿಯಿತ್ತು. ತುರಿಸುವಾಗ ಬಿಸಿನೀರು ಸುರಿದುಕೊಂಡರೆ ಹಾಯೆನಿಸುತ್ತದೆ ನಿಜ, ಆದರೆ ಆ ಸುಖ ಅರ್ಧ ಗಂಟೆಯದು. ಸಾಬೂನು ಕಂಕುಳು, ತೊಡೆಸಂದು, ಪಾದಕ್ಕಷ್ಟೇ. ಕೈಕಾಲು, ಬೆನ್ನು, ಹೊಟ್ಟೆಗೆ ಚಳಿಗಾಲದಲ್ಲಿ ಬರೀ ನೀರು ಸಾಕು; ಧೂಳಿನಲ್ಲಿ ಓಡಾಡಿದ ದಿನ ನೊರೆ ಕಡಿಮೆ ಬರುವ, ಸುವಾಸನೆಯಿಲ್ಲದ ಕ್ಲೆನ್ಸರ್ ಬಳಸಬಹುದು. ಉಜ್ಜುವ ನಾರು, ಸ್ಕ್ರಬ್ ಎಲ್ಲ ಬೇಸಿಗೆಗೆ ಇರಲಿ. ಎರಡನೇ ಸ್ನಾನವಿಲ್ಲದೆ ನಿದ್ದೆ ಬರುವುದಿಲ್ಲ ಎಂದಾದರೆ ಮುಖ, ಕಂಕುಳು, ಪಾದ ಮಾತ್ರ ತೊಳೆದುಕೊಳ್ಳಿ.

ಟವೆಲಿನಿಂದ ತಿಕ್ಕದೆ, ಒತ್ತಿ ಒತ್ತಿ ನೀರು ತೆಗೆಯಿರಿ. ಮೈ ಇನ್ನೂ ಸ್ವಲ್ಪ ಹಸಿಯಾಗಿರುವಾಗಲೇ, ಮೂರು ನಿಮಿಷದೊಳಗೆ, ಬಚ್ಚಲಮನೆಯಲ್ಲೇ ನಿಂತು ಕ್ರೀಮ್ ಹಚ್ಚಿ. ಬಟ್ಟೆ ಹಾಕಿಕೊಂಡು, ಕಾಫಿ ಕುಡಿದು, ಆಮೇಲೆ ಹಚ್ಚಿದರೆ ಹಿಡಿದಿಡಬೇಕಾದ ನೀರು ಅಷ್ಟರೊಳಗೆ ಆರಿಹೋಗಿರುತ್ತದೆ.

ನಿಮ್ಮ ಲೋಷನ್ ಕೆಲಸ ಮಾಡದಿರುವುದಕ್ಕೆ ಎರಡು ಕಾರಣ ಇರಬಹುದು. ಒಂದು, ಲೋಷನ್‌ನಲ್ಲಿ ಹೆಚ್ಚಿನ ಪಾಲು ನೀರೇ. ಸೆಕೆಯ ಊರಿಗೆ ಅದು ಸರಿ, ಇಲ್ಲಿಗೆ ಸಾಲದು. ಬಾಟಲಿ ಬೋರಲು ಮಾಡಿದರೆ ಸುರಿಯುವಂಥದ್ದು ಬೇಡ, ಡಬ್ಬಿಯಿಂದ ಬೆರಳಲ್ಲಿ ತೆಗೆಯಬೇಕಾದ ಗಟ್ಟಿ ಕ್ರೀಮ್ ಬೇಕು. ಅದರಲ್ಲಿ ನೀರನ್ನು ಹಿಡಿದಿಡುವ ಗ್ಲಿಸರಿನ್ ಅಥವಾ ಶೇ. 5ರಿಂದ 10 ಯೂರಿಯಾ ಇರಲಿ, ಜೊತೆಗೆ ಮೇಲೆ ಮುಚ್ಚಳದಂತೆ ಕೂರುವ ಪೆಟ್ರೋಲಿಯಂ ಜೆಲ್ಲಿ ಅಥವಾ ಪ್ಯಾರಾಫಿನ್ ಇರಲಿ. ಚರ್ಮ ಈಗಾಗಲೇ ಸೀಳಿದ್ದರೆ ಯೂರಿಯಾ ಉರಿಯುತ್ತದೆ. ಮೊದಲ ವಾರ ಬರೀ ಪೆಟ್ರೋಲಿಯಂ ಜೆಲ್ಲಿ ಹಚ್ಚಿ, ಸೀಳು ಕೂಡಿದ ಮೇಲೆ ಯೂರಿಯಾಗೆ ಬನ್ನಿ. ನೀರು ಆರಿಹೋಗದಂತೆ ತಡೆಯುವುದರಲ್ಲಿ ಪೆಟ್ರೋಲಿಯಂ ಜೆಲ್ಲಿಯನ್ನು ಮೀರಿಸುವ ದುಬಾರಿ ಕ್ರೀಮ್ ನನಗೆ ಗೊತ್ತಿಲ್ಲ. ಎಣ್ಣೆ ಹಚ್ಚುವವರೂ ಹಸಿಮೈಗೇ ಹಚ್ಚಬೇಕು. ಎಣ್ಣೆ ಇರುವ ನೀರನ್ನು ಮುಚ್ಚಿಡುತ್ತದೆಯೇ ಹೊರತು ತಾನಾಗಿ ನೀರು ತರುವುದಿಲ್ಲ.

ಎರಡನೆಯ ಕಾರಣ ಪ್ರಮಾಣ. ಇದನ್ನು ಅಳೆಯಲು ಚರ್ಮರೋಗ ವೈದ್ಯರು ಬೆರಳ ತುದಿಯನ್ನು ಬಳಸುತ್ತಾರೆ. ಟ್ಯೂಬಿನಿಂದ ತೋರುಬೆರಳಿನ ಮೊದಲ ಗೆಣ್ಣಿನವರೆಗೆ ಉದ್ದಕ್ಕೆ ಹಿಂಡಿದ ಕ್ರೀಮ್ ಸುಮಾರು ಅರ್ಧ ಗ್ರಾಂ. ಬೆರಳೂ ಸೇರಿ ಎರಡು ಅಂಗೈ ಅಗಲದ ಜಾಗಕ್ಕೆ ಅದು ಸಾಕು. ಒಂದು ಕಾಲಿಗೆ ಆರು, ಒಂದು ಪಾದಕ್ಕೆ ಎರಡು, ಒಂದು ತೋಳಿಗೆ ಮೂರು, ಒಂದು ಹಸ್ತಕ್ಕೆ ಒಂದು. ಎರಡೂ ಕಡೆ ಸೇರಿಸಿದರೆ 24, ಅಂದರೆ 12 ಗ್ರಾಂ. ಎದೆ ಬೆನ್ನು ಬಿಟ್ಟು ಬರೀ ಕೈಕಾಲಿಗೇ ದಿನಕ್ಕೆ 12 ಗ್ರಾಂ, 100 ಗ್ರಾಂ ಡಬ್ಬಿ ಎಂಟು ದಿನಕ್ಕೆ ಖಾಲಿಯಾಗಬೇಕು. ನಿಮ್ಮ ಡಬ್ಬಿ ಎಷ್ಟು ದಿನ ಬಂತು? ಒಂದು ತಿಂಗಳು ಬಂದಿದ್ದರೆ ಬೇಕಾದ್ದರಲ್ಲಿ ಕಾಲುಭಾಗ ಮಾತ್ರ ಹಚ್ಚಿದ್ದೀರಿ. ಈ ಕಾರಣಕ್ಕೇ ನಾನು ಸಣ್ಣ ಚೆಂದದ ಡಬ್ಬಿಗಿಂತ ಅರ್ಧ ಕಿಲೋದ ಸಾದಾ ಡಬ್ಬಿ ಕೊಳ್ಳಿ ಎನ್ನುತ್ತೇನೆ. ಮಲಗುವ ಮುನ್ನ ಮೊಣಕಾಲಿನ ಕೆಳಗೆ ಇನ್ನೊಮ್ಮೆ ಹಚ್ಚಿ, ಕೈ ತೊಳೆದ ಪ್ರತಿ ಸಲ ಹಸ್ತಕ್ಕೆ ಹಚ್ಚಿ. ಒಂದು ಎಚ್ಚರಿಕೆ: ಪ್ಯಾರಾಫಿನ್ ಇರುವ ಕ್ರೀಮ್ ಬಟ್ಟೆಗೂ ಹಾಸಿಗೆಗೂ ಅಂಟಿ ಉಳಿಯುತ್ತದೆ, ಅಂಥ ಬಟ್ಟೆಗೆ ಕಿಡಿ ತಾಗಿದರೆ ಬೇಗ ಹೊತ್ತಿಕೊಳ್ಳುತ್ತದೆ. ಕೆಂಪಗೆ ಕಾಯುವ ಹೀಟರ್ ಮುಂದೆ, ಒಲೆಯ ಮುಂದೆ ಹತ್ತಿರ ಕೂರಬೇಡಿ.

ನಾಲ್ಕು ಲೀಟರ್ ನೀರಿನ ಬಗ್ಗೆ: ಕುಡಿದ ನೀರು ಚರ್ಮದ ಮೇಲ್ಪದರವನ್ನು ತಲುಪಿ ಅದನ್ನು ಮೆತ್ತಗೆ ಮಾಡುವುದಿಲ್ಲ. ಚಳಿಯಲ್ಲಿ ಬಾಯಾರಿಕೆ ಕಡಿಮೆ ಎನಿಸುತ್ತದೆ, ಆದ್ದರಿಂದ ನೆನಪಿಟ್ಟು ಕುಡಿಯುವುದು ಸರಿಯೇ. ಮೂತ್ರ ತಿಳಿಹಳದಿಯಾಗಿದ್ದರೆ ಸಾಕಷ್ಟಾಯಿತು. ಅದಕ್ಕಿಂತ ಹೆಚ್ಚು ಕುಡಿದರೆ ರಾತ್ರಿ ಎದ್ದು ಓಡಾಡುವುದಷ್ಟೇ ಲಾಭ.

ಮೂಗಿಗೆ ಬರೋಣ. ನೀವು ಎಳೆದುಕೊಂಡ ಗಾಳಿ ಶ್ವಾಸಕೋಶ ತಲುಪುವ ಹೊತ್ತಿಗೆ 37 ಡಿಗ್ರಿ ಬೆಚ್ಚಗಾಗಿ, ಪೂರ್ತಿ ತೇವ ತುಂಬಿಕೊಂಡಿರಬೇಕು. ಆ ಕೆಲಸದ ಬಹುಪಾಲನ್ನು ಮೂಗೇ ಮಾಡುತ್ತದೆ. ಒಣಗಾಳಿ ಬಂದಷ್ಟೂ ಅದರ ಒಳಪದರ ಹೆಚ್ಚು ನೀರು ಕಳೆದುಕೊಳ್ಳುತ್ತದೆ, ಲೋಳೆ ಗಟ್ಟಿಯಾಗಿ ಹಕ್ಕಳೆಯಾಗುತ್ತದೆ. ಎರಡು ಹೊಳ್ಳೆಗಳ ನಡುವಿನ ಗೋಡೆಯ ಮುಂಭಾಗದಲ್ಲಿ, ಬೆರಳಿಗೆ ಸಿಗುವ ಜಾಗದಲ್ಲೇ, ಸಣ್ಣ ರಕ್ತನಾಳಗಳ ಒಂದು ಜಾಲವಿದೆ. ಹಕ್ಕಳೆ ಕಿತ್ತಾಗ, ಜೋರಾಗಿ ಸೀನಿದಾಗ ಒಡೆಯುವುದು ಅಲ್ಲೇ. ಬೆಳಗಿನ ಹೆಪ್ಪು ಅಲ್ಲಿಂದಲೇ ಬಂದಿರುವ ಸಂಭವ ಹೆಚ್ಚು. ಔಷಧವಿಲ್ಲದ ಸಾದಾ ಸಲೈನ್ ಸ್ಪ್ರೇಯನ್ನು ದಿನಕ್ಕೆ ಮೂರು ನಾಲ್ಕು ಸಲ, ಮಲಗುವ ಮುಂಚೆ ತಪ್ಪದೆ ಬಳಸಿ. ರಾತ್ರಿ ಸಲೈನ್ ಜೆಲ್ ಅಥವಾ ಬಟಾಣಿಯ ಅರ್ಧದಷ್ಟು ಪೆಟ್ರೋಲಿಯಂ ಜೆಲ್ಲಿಯನ್ನು ಹೊಳ್ಳೆಯ ಬಾಯಿಯ ಒಳಅಂಚಿಗೆ ಸವರಿ, ಹೊರಗಿನಿಂದ ಮೂಗನ್ನು ಮೆಲ್ಲಗೆ ಒತ್ತಿ ಹರಡಿ, ಆಳಕ್ಕೆ ತಳ್ಳಬೇಡಿ. ಕಟ್ಟಿದ ಮೂಗು ಬಿಡಿಸುವ ಔಷಧದ ಸ್ಪ್ರೇ ಇದಕ್ಕಲ್ಲ. ಅದು ಇನ್ನಷ್ಟು ಒಣಗಿಸುತ್ತದೆ, ಕೆಲವು ದಿನ ಮೀರಿ ಬಳಸಿದರೆ ಮೂಗು ಅದಿಲ್ಲದೆ ಬಿಡದ ಹಾಗೆ ಕಟ್ಟಿಕೊಳ್ಳುತ್ತದೆ.

ರಕ್ತ ಸುರಿಯಲು ಶುರುವಾದರೆ ತಲೆ ಹಿಂದಕ್ಕೆ ಬಾಗಿಸಬೇಡಿ, ರಕ್ತ ಗಂಟಲಿಗೆ ಇಳಿಯುತ್ತದೆ. ಕುಳಿತು ಸ್ವಲ್ಪ ಮುಂದಕ್ಕೆ ಬಾಗಿ, ಮೂಗಿನ ಮೂಳೆಯ ಕೆಳಗಿನ ಮೆತ್ತನೆಯ ಭಾಗವನ್ನು ಎರಡೂ ಕಡೆಯಿಂದ ಬಿಗಿಯಾಗಿ ಹಿಡಿದು, ಬಾಯಿಂದ ಉಸಿರಾಡುತ್ತ, ಗಡಿಯಾರ ನೋಡಿಕೊಂಡು ಹತ್ತರಿಂದ ಹದಿನೈದು ನಿಮಿಷ ಒತ್ತಿಹಿಡಿಯಿರಿ. ನಿಂತಿತೇ ಎಂದು ನಡುನಡುವೆ ಬಿಟ್ಟು ನೋಡುವುದೇ ಬಹಳ ಜನರ ತಪ್ಪು. ಎರಡು ಸಲ ಹೀಗೆ ಮಾಡಿಯೂ ನಿಲ್ಲದಿದ್ದರೆ, ಅಥವಾ ನೀವು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಾಗಿದ್ದರೆ, ಆಸ್ಪತ್ರೆಗೆ ಹೋಗಿ.

ತುಟಿಗೂ ಜೆಲ್ಲಿಯೇ, ನಾಲಿಗೆಯಿಂದ ಸವರುವುದು ಬಿಡಿ, ಪ್ರತಿ ಸಲ ಎಂಜಲು ಆರುವಾಗ ತುಟಿಯ ನೀರನ್ನೂ ಒಯ್ಯುತ್ತದೆ.

ಇಷ್ಟನ್ನೂ ಎರಡು ವಾರ ಸರಿಯಾಗಿ ಮಾಡಿದರೆ ತುರಿಕೆ ಬಹುಮಟ್ಟಿಗೆ ಇಳಿಯಬೇಕು. ಮೊದಲ ನಾಲ್ಕೈದು ದಿನದಲ್ಲೇ ಹೊಟ್ಟು ಕಡಿಮೆಯಾಗುತ್ತದೆ, ಸೀಳು ಕೂಡಲು ಎರಡನೇ ವಾರ ಬೇಕು. ಇಳಿಯದಿದ್ದರೆ ಅದು ಬರೀ ಒಣಚರ್ಮವಲ್ಲ ಎಂದು ಅನುಮಾನಿಸಬೇಕು. ಬೆರಳ ಸಂದಿ, ಮಣಿಕಟ್ಟು, ಹೊಕ್ಕುಳ ಸುತ್ತ ಸಣ್ಣ ಗುಳ್ಳೆಗಳೆದ್ದು, ನಿಮ್ಮ ಜೊತೆ ಕೋಣೆಯಲ್ಲಿರುವವರಿಗೂ ರಾತ್ರಿ ತುರಿಕೆಯಿದ್ದರೆ ಅದು ಕಜ್ಜಿ ಇರಬಹುದು, ಅದಕ್ಕೆ ಮಾಯಿಶ್ಚರೈಸರ್ ಮದ್ದಲ್ಲ. ನಾಣ್ಯದಗಲದ ಗುಂಡನೆಯ ಕಲೆಗಳಾಗಿ ನೀರು ಒಸರಿದರೆ, ಹಳದಿ ಹಕ್ಕಳೆ ಕಟ್ಟಿದರೆ ವೈದ್ಯರು ನೋಡಬೇಕು. ಚರ್ಮ ಮೆತ್ತಗೆ ಚೆನ್ನಾಗಿಯೇ ಇದ್ದು ಮೈಯೆಲ್ಲ ತುರಿಸುತ್ತಿದ್ದರೆ ಥೈರಾಯ್ಡ್, ಕಿಡ್ನಿ, ಲಿವರ್, ಕಬ್ಬಿಣಾಂಶದ ಪರೀಕ್ಷೆ ಬೇಕಾಗುತ್ತದೆ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ಸ್ಟೀರಾಯ್ಡ್, ಫಂಗಸ್ ಔಷಧ, ಆ್ಯಂಟಿಬಯಾಟಿಕ್ ಮೂರೂ ಬೆರೆಸಿದ ಕ್ರೀಮ್ ತಂದು ಹಚ್ಚಬೇಡಿ. ಎರಡು ದಿನ ತುರಿಕೆ ನಿಂತಂತಾಗುತ್ತದೆ, ಆಮೇಲೆ ಚರ್ಮ ತೆಳುವಾಗುತ್ತದೆ, ಇದ್ದ ರೋಗದ ಗುರುತೂ ಅಳಿಸಿಹೋಗಿ ನಮಗೆ ಕಂಡುಹಿಡಿಯುವುದೇ ಕಷ್ಟವಾಗುತ್ತದೆ.

ರಜೆಗೆ ಕರಾವಳಿಗೆ ಹೋದಾಗ ಈ ಗಟ್ಟಿ ಕ್ರೀಮನ್ನು ಎದೆ ಬೆನ್ನಿಗೆ ಹಚ್ಚುವುದು ನಿಲ್ಲಿಸಿ. ಅಲ್ಲಿನ ಬೆವರಿನ ಮೇಲೆ ಅದು ಕೂತರೆ ರೋಮದ ಬುಡದಲ್ಲಿ ಕೀವುಗುಳ್ಳೆ, ಬೆವರುಸಾಲೆ ಏಳುತ್ತದೆ. ಮರಳಿ ಉತ್ತರಕ್ಕೆ ಬಂದ ದಿನವೇ, ತುರಿಕೆ ಶುರುವಾಗಲಿ ಎಂದು ಕಾಯದೆ, ಮತ್ತೆ ಹಚ್ಚಲು ತೊಡಗಿ.